ಕಾಲು ಇಂಚಿನ ಹೊಲಿಗೆ: ನಕ್ಷತ್ರದ ಮೊನೆ ಮುರಿಯದಂತೆ ಬ್ಲಾಕ್ ಜೋಡಿಸುವುದು

ಮೊಮ್ಮಗಳಿಗೆಂದು ನಾನು ಹೊಲಿಯಲು ಹೊರಟ ಮೊದಲ ಪ್ಯಾಚ್‌ವರ್ಕ್ ಹೊದಿಕೆಯಲ್ಲಿ 35 ಬ್ಲಾಕ್‌ಗಳಿದ್ದವು. ಒಂದು ಸಾದಾ ಚೌಕ, ಪಕ್ಕದಲ್ಲಿ ಒಂದು ನಕ್ಷತ್ರ, ಮತ್ತೆ ಸಾದಾ ಚೌಕ, ಹೀಗೆ. ಸಾದಾ ಚೌಕಗಳನ್ನು 9½ ಇಂಚಿಗೆ ಕತ್ತರಿಸಿದ್ದೆ. ಒಂಬತ್ತು ತುಂಡುಗಳನ್ನು ಜೋಡಿಸಿದ ನಕ್ಷತ್ರವೂ ಅಷ್ಟೇ ಬರಬೇಕಿತ್ತು, ಬಂದದ್ದು 9⅜. ಎಂಟನೇ ಒಂದು ಇಂಚು ತಾನೆ ಎಂದು ಎಳೆದು ಹೊಲಿದೆ. ಎರಡು ಸಾಲು ಮುಗಿಯುವಷ್ಟರಲ್ಲಿ ಸಾದಾ ಚೌಕಗಳು ಕರಿದ ಹಪ್ಪಳದಂತೆ ಉಬ್ಬಿಕೊಂಡಿದ್ದವು. ನಕ್ಷತ್ರಗಳ ಮೊನೆಗಳನ್ನು ಹೊಲಿಗೆ ನುಂಗಿಹಾಕಿತ್ತು.

ಪಡಸಾಲೆಯಲ್ಲಿ ಕುಳಿತು ನೋಡುತ್ತಿದ್ದ ಅತ್ತೆ, "ಕೌದಿಗೆ ಯಾರಾದರೂ ಸ್ಕೇಲ್ ಹಿಡಿಯುತ್ತಾರೇನಮ್ಮ? ತುಂಡು ಎಲ್ಲಿ ಕೂರುತ್ತದೋ ಅಲ್ಲಿ ಕೂರಿಸು" ಎಂದರು.

ಅವರ ಮಾತು ಅವರ ಕೌದಿಗೆ ಸರಿ. ನಮ್ಮ ಮನೆಯ ಕೌದಿಯಲ್ಲಿ ಹಳೆಯ ಸೀರೆಯ ಪದರಗಳ ಮೇಲೆ ತುಂಡನ್ನು ಇಟ್ಟು, ಅಂಚು ಒಳಗೆ ಮಡಚಿ, ಕೈಹೊಲಿಗೆ ಹಾಕುತ್ತಾರೆ. ತುಂಡು ಎಷ್ಟು ಕಾಣಬೇಕೆಂಬುದನ್ನು ಮಡಚುವ ಬೆರಳೇ ತೀರ್ಮಾನಿಸುತ್ತದೆ. ಕಡಿಮೆ ಬಿದ್ದರೆ ಪಕ್ಕದ ತುಂಡನ್ನು ಸ್ವಲ್ಪ ಮುಂದೆ ಸರಿಸಿದರಾಯಿತು. ಪ್ಯಾಚ್‌ವರ್ಕ್ ಬ್ಲಾಕ್‌ನಲ್ಲಿ ಈ ಅವಕಾಶವಿಲ್ಲ. ಇಲ್ಲಿ ಕೆಳಗೆ ಆಧಾರದ ಬಟ್ಟೆ ಇರುವುದಿಲ್ಲ, ತುಂಡಿಗೆ ತುಂಡನ್ನೇ ಎದುರುಬದುರಾಗಿಟ್ಟು ಹೊಲಿಯುತ್ತೇವೆ. ಪ್ರತಿ ಹೊಲಿಗೆಯೂ ಎರಡೂ ತುಂಡುಗಳಿಂದ ಕಾಲು ಕಾಲು ಇಂಚು ತಿನ್ನುತ್ತದೆ. ಅದು ತಿನ್ನುವುದು ಎಲ್ಲೆಡೆ ಒಂದೇ ಅಳತೆಯಲ್ಲಿರಬೇಕು.

ಟೈಲರಿಂಗ್ ಗೊತ್ತಿರುವವರು ಇಲ್ಲಿ ಹೆಚ್ಚು ಎಡವುತ್ತಾರೆ. ನಾನೂ ಅವರಲ್ಲಿ ಒಬ್ಬಳು. ರವಿಕೆ ಹೊಲಿಯುವಾಗ ನಾವು ಚಾಕ್‌ಪೀಸ್ ಗೆರೆಯ ಮೇಲೆ ಹೊಲಿಯುತ್ತೇವೆ. ಗೆರೆಯ ಆಚೆ ಮಾರ್ಜಿನ್ ಅರ್ಧ ಇಂಚಿದ್ದರೇನು, ಒಂದು ಇಂಚಿದ್ದರೇನು, ಮುಂದೆ ಬಿಚ್ಚಿ ಅಗಲಿಸಲು ಅನುಕೂಲವೇ ಆಯಿತು. ಪ್ಯಾಚ್‌ವರ್ಕ್‌ನಲ್ಲಿ ಹೊಲಿಗೆಯ ಗೆರೆಯೇ ಇರುವುದಿಲ್ಲ, ಕತ್ತರಿಸಿದ ಅಂಚೇ ಅಳತೆ. ಹಾಗಾಗಿ ಕತ್ತರಿ ತಪ್ಪಿದರೆ ಹೊಲಿಗೆಯೂ ತಪ್ಪುತ್ತದೆ.

ಆ ಎಂಟನೇ ಒಂದು ಇಂಚು ಎಲ್ಲಿಗೆ ಹೋಯಿತು ಎಂದು ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ನಕ್ಷತ್ರದ ಒಂದು ಸಾಲಿನಲ್ಲಿ ಮೂರು ತುಂಡುಗಳಿವೆ, ಅವುಗಳ ನಡುವೆ ಎರಡು ಹೊಲಿಗೆ. ಒಂದೊಂದು ಹೊಲಿಗೆ ಎರಡು ಕಡೆ ತಿನ್ನುವುದರಿಂದ ಒಟ್ಟು ನಾಲ್ಕು ಕಡೆ. ⅛ ಇಂಚನ್ನು ನಾಲ್ಕರಿಂದ ಭಾಗಿಸಿದರೆ ಇಂಚಿನ 32ನೇ ಒಂದು ಭಾಗ, ಅಂದರೆ ಒಂದು ಮಿಲಿಮೀಟರ್ ಕೂಡ ಇಲ್ಲ. ಅಷ್ಟು ಸಣ್ಣ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹೊಲಿಯುವಾಗ ಕಣ್ಣಳತೆಯನ್ನು ನಂಬದೆ, ಮೊದಲೇ ಮಿಷನ್ನಿಗೆ ಒಂದು ಗೋಡೆ ಕಟ್ಟಿಕೊಳ್ಳಬೇಕು.

ಮಿಷನ್ನಿಗೆ ಗೋಡೆ

"ಫುಟ್ಟಿನ ಅಂಚಿಗೆ ಬಟ್ಟೆ ಹಿಡಿದರೆ ಕಾಲು ಇಂಚು" ಎಂದು ಹಲವರು ಹೇಳುತ್ತಾರೆ. ನಂಬಬೇಡಿ, ಅಳೆಯಿರಿ. ಸೂಜಿಯಿಂದ ಫುಟ್ಟಿನ ಬಲ ಅಂಚಿನವರೆಗಿನ ದೂರ ಮಿಷನ್ನಿನಿಂದ ಮಿಷನ್ನಿಗೆ ಬೇರೆ. ಝಿಗ್‌ಝಾಗ್ ಹಾಕುವ ಹೊಸ ಮಿಷನ್ನುಗಳ ಫುಟ್ ಅಗಲವಾಗಿರುವುದರಿಂದ ಅದರ ಅಂಚು ಸಾಮಾನ್ಯವಾಗಿ ಕಾಲು ಇಂಚನ್ನು ದಾಟಿರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಹೊಲಿದ ಮೇಲೆ ಮಾರ್ಜಿನ್ನನ್ನು ಒಂದು ಕಡೆಗೆ ಮಡಚಿ ಇಸ್ತ್ರಿ ಮಾಡುತ್ತೇವೆ. ಆ ಮಡಿಕೆ ದಾರದ ಮೇಲೆ ಹಾದು ತಿರುಗುವಾಗ ಬಟ್ಟೆಯ ದಪ್ಪದಷ್ಟು ಜಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ಸೂಜಿಯನ್ನು ಸರಿಯಾಗಿ ಕಾಲು ಇಂಚಿಗೆ ಇಟ್ಟರೂ ಬ್ಲಾಕ್ ಚಿಕ್ಕದಾಗುವುದು ಇದೇ ಕಾರಣಕ್ಕೆ. ಅದಕ್ಕಾಗಿ ಕಾಲು ಇಂಚಿಗಿಂತ ಒಂದೆರಡು ಎಳೆ ಕಡಿಮೆ ಹೊಲಿಯಬೇಕು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ದಾವಣಗೆರೆಯಲ್ಲಿ ಎಳೆ ಎಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ: ಬಟ್ಟೆಯ ನೇಯ್ಗೆಯಲ್ಲಿನ ಒಂದು ನೂಲಿನ ದಪ್ಪ.

ಇದನ್ನು ಅಳೆಯಲು ಶಾಲೆಯ ಮಕ್ಕಳು ಬಳಸುವ ಗ್ರಾಫ್ ಹಾಳೆ ಸಾಕು. ಕಾಲು ಇಂಚು ಎಂದರೆ 6.35 ಮಿಲಿಮೀಟರ್. ಗ್ರಾಫ್ ಹಾಳೆಯ ಆರು ಚಿಕ್ಕ ಮನೆಗಳು 6 ಮಿಲಿಮೀಟರ್, ಅಂದರೆ ನಮಗೆ ಬೇಕಾದ ಆ ಒಂದೆರಡು ಎಳೆ ಕಡಿಮೆಯ ಅಳತೆ ಅದರಲ್ಲೇ ಇದೆ. ಹಾಳೆಯ ಬಲಬದಿಯನ್ನು ಒಂದು ಗೆರೆಯ ಮೇಲೆಯೇ ನೇರವಾಗಿ ಕತ್ತರಿಸಿ. ಆ ಅಂಚಿನಿಂದ ಆರನೇ ಗೆರೆಯ ಮೇಲೆ ಸೂಜಿ ಇಳಿಯುವಂತೆ ಹಾಳೆಯನ್ನು ಫುಟ್ಟಿನ ಕೆಳಗಿಡಿ. ಸೂಜಿಗೆ ದಾರ ಬೇಡ. ಚಕ್ರವನ್ನು ಕೈಯಲ್ಲೇ ತಿರುಗಿಸಿ ಸೂಜಿಯನ್ನು ಗೆರೆಯೊಳಗೆ ಇಳಿಸಿ, ಹಾಳೆಯ ಗೆರೆಗಳು ಫುಟ್ಟಿಗೆ ನೇರವಾಗಿವೆಯೇ ನೋಡಿ, ಫುಟ್ ಇಳಿಸಿ. ಈಗ ಹಾಳೆಯ ಬಲ ಅಂಚು ಎಲ್ಲಿದೆಯೋ ಅಲ್ಲೇ ನಿಮ್ಮ ಗೋಡೆ ನಿಲ್ಲಬೇಕು.

ಕಪ್ಪು ಬಣ್ಣದ ಹಳೆಯ ಕಾಲ್ತುಳಿತದ ಮಿಷನ್ ಇದ್ದರೆ, ಸೂಜಿತಟ್ಟೆಯ ಬಲಕ್ಕೆ ಎರಡು ಸ್ಕ್ರೂ ತೂತುಗಳು ಕಾಣಿಸುತ್ತವೆ. ಅವು ಬಟ್ಟೆಯ ದಾರಿ ಹಿಡಿದು ನಿಲ್ಲಿಸುವ ಕಬ್ಬಿಣದ ಗೈಡ್ ಕೂರಿಸಲೆಂದೇ ಇರುವಂಥವು. ಮಿಷನ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ ನೋಡಿ. ಸಿಗದಿದ್ದರೆ ಗಾಯಕ್ಕೆ ಸುತ್ತುವ ಬಟ್ಟೆಯ ಟೇಪನ್ನು ಒಂದರ ಮೇಲೊಂದು ಐದಾರು ಪದರ ಅಂಟಿಸಿದರೂ ಬಟ್ಟೆ ತಾಗಿ ನಿಲ್ಲುವಷ್ಟು ದಪ್ಪವಾಗುತ್ತದೆ. ನಾನು ಮಾಡಿಕೊಂಡಿರುವುದು ಅದನ್ನೇ. ಬಟ್ಟೆ ತಳ್ಳುವ ಹಲ್ಲುಗಳ ಮೇಲೆ ಟೇಪ್ ಬರಬಾರದು. ಸೂಜಿಯಿಂದ ನಿಮ್ಮ ಕಡೆಗೆ ಎರಡು ಮೂರು ಇಂಚು ಉದ್ದ ಇರಲಿ, ಏಕೆಂದರೆ ಬಟ್ಟೆ ಸೂಜಿಯನ್ನು ತಲುಪುವ ಮುನ್ನವೇ ನೇರವಾಗಿರಬೇಕು. ಹೊಲಿಯುವಾಗ ಸೂಜಿಯನ್ನು ನೋಡಬೇಡಿ, ಗೋಡೆಯನ್ನು ನೋಡಿ. ಸೂಜಿಯ ಕೆಲಸ ಸೂಜಿ ಮಾಡಿಕೊಳ್ಳುತ್ತದೆ.

ಈಗ ಪರೀಕ್ಷೆ. ನೀವು ಬಳಸಲಿರುವ ಅದೇ ಬಟ್ಟೆಯಲ್ಲಿ 1½ ಇಂಚು ಅಗಲ, 4 ಇಂಚು ಉದ್ದದ ಮೂರು ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ ಹೊಲಿಯಿರಿ. ಇಸ್ತ್ರಿ ಮಾಡಿ ಮೇಲ್ಮೈಯಿಂದ ಅಳೆಯಿರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು, ಒಟ್ಟು ಅಗಲ 3½ ಇರಬೇಕು. ನಡುಪಟ್ಟಿ ಕಿರಿದಾಗಿದ್ದರೆ ಹೊಲಿಗೆ ಹೆಚ್ಚು ತಿಂದಿದೆ, ಗೋಡೆಯನ್ನು ಒಂದೆಳೆಯಷ್ಟು ಸೂಜಿಯ ಹತ್ತಿರ ತನ್ನಿ. ಅಗಲವಾಗಿದ್ದರೆ ದೂರ ಸರಿಸಿ. ಆದರೆ ಗೋಡೆಯನ್ನು ಮುಟ್ಟುವ ಮೊದಲು ಪಟ್ಟಿಯನ್ನೊಮ್ಮೆ ಬೆರಳಿನಿಂದ ಎರಡೂ ಬದಿಗೆ ಬಿಡಿಸಿ ನೋಡಿ. ಹೊಲಿಗೆಯ ಪಕ್ಕದಲ್ಲಿ ಇಸ್ತ್ರಿಯಾಗಿ ಕೂತ ಸಣ್ಣ ಮಡಿಕೆ ಇದೆಯೇ? ನನ್ನ 9⅜ರಲ್ಲಿ ಅರ್ಧ ತಪ್ಪು ಮಿಷನ್ನಿನದಾಗಿರಲಿಲ್ಲ, ಆ ಮಡಿಕೆಯದಾಗಿತ್ತು. ಒಳಮೈಯಿಂದ ಮಾತ್ರ ಇಸ್ತ್ರಿ ಮಾಡುತ್ತಿದ್ದೆ. ಹಾಗೆ ಮಾಡಿದರೆ ಮಡಿಕೆ ಕಾಣುವುದಿಲ್ಲ. ಮೊದಲು ಹೊಲಿದ ಗೆರೆಯನ್ನು ಮಡಚಿದಂತೆಯೇ ಇಸ್ತ್ರಿಯಿಂದ ಒತ್ತಿ, ಆಮೇಲೆ ಬಿಡಿಸಿ ಮೇಲ್ಮೈಯಿಂದ ಒತ್ತಬೇಕು. ಒತ್ತುವುದು ಎಂದರೆ ಎತ್ತಿ ಇಡುವುದು. ಅಂಗಿಗೆ ಉಜ್ಜಿದಂತೆ ಉಜ್ಜಿದರೆ ತುಂಡುಗಳು ಸೊಟ್ಟಗಾಗುತ್ತವೆ.

ಹೊಲಿಗೆ ಇಂಚಿಗೆ ಸುಮಾರು 12 ಬರುವಂತಿರಲಿ. 14ನೇ ನಂಬರ್ ಸೂಜಿ ನಡೆಯುತ್ತದೆ, ಬಟ್ಟೆ ತೆಳುವಾಗಿದ್ದರೆ 11. ಸೂಜಿ ಹೊಸದಿರಲಿ.

ಒಂದು ನಕ್ಷತ್ರ, ಮೊದಲಿನಿಂದ ಕೊನೆಯವರೆಗೆ

ನಾನು ಹೊಲಿದ ನಕ್ಷತ್ರಕ್ಕೆ ಪ್ಯಾಚ್‌ವರ್ಕ್ ಮಾಡುವವರು ಫ್ರೆಂಡ್‌ಶಿಪ್ ಸ್ಟಾರ್ ಎನ್ನುತ್ತಾರೆ. ಮೂರು ಸಾಲು, ಸಾಲಿಗೆ ಮೂರು ಚೌಕ. ನಡುವೆ ನಕ್ಷತ್ರದ ಬಣ್ಣದ ಚೌಕ, ನಾಲ್ಕು ಮೂಲೆಗಳಲ್ಲಿ ಹಿನ್ನೆಲೆಯ ಚೌಕ, ಉಳಿದ ನಾಲ್ಕು ಕಡೆ ಎರಡೂ ಬಣ್ಣದ ತ್ರಿಕೋನಗಳು ಸೇರಿದ ಜೋಡಿ ಚೌಕ. ಎಲ್ಲ ಹೊಲಿದ ಮೇಲೆ 9½ ಇಂಚು, ಹೊದಿಕೆಯಲ್ಲಿ ಕೂತ ಮೇಲೆ 9 ಇಂಚು.

ನೂಲಿನ ಬಟ್ಟೆಯನ್ನೇ ತೆಗೆದುಕೊಳ್ಳಿ. ಒಗೆದು, ತಿಳಿಯಾದ ಅನ್ನದ ಗಂಜಿಯಲ್ಲಿ ಅದ್ದಿ, ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿಗೆ ಹಗ್ಗದ ಮೇಲೆ ಹಾಕಿ ಒಳಗೆ ಬಂದು ನೀರು ಕುಡಿಯುವಷ್ಟರಲ್ಲಿ ಒಣಗಿ ಕಡ್ಡಿಯಾಗಿರುತ್ತದೆ, ಎಚ್ಚರ. ಗಂಜಿ ಅಲಂಕಾರಕ್ಕಲ್ಲ. ತ್ರಿಕೋನದ ಓರೆ ಅಂಚು ಕೈ ತಾಗಿದರೂ ಹಿಗ್ಗುತ್ತದೆ, ಗಂಜಿ ಅದನ್ನು ತಡೆಯುತ್ತದೆ.

ಹಿನ್ನೆಲೆಯ ಬಟ್ಟೆಯಲ್ಲಿ 3½ ಇಂಚಿನ ನಾಲ್ಕು ಚೌಕ, 4 ಇಂಚಿನ ಎರಡು ಚೌಕ ಕತ್ತರಿಸಿ. ನಕ್ಷತ್ರದ ಬಣ್ಣದಲ್ಲಿ 3½ ಇಂಚಿನದು ಒಂದು, 4 ಇಂಚಿನವು ಎರಡು. ಟೈಲರ್ ಟೇಪಿನಿಂದ ಅಳೆಯಬೇಡಿ, ಹಳೆಯದಾದಂತೆ ಅದು ಹಿಗ್ಗಿರುತ್ತದೆ. ಒಂದೇ ಸ್ಕೇಲನ್ನು ಕೊನೆಯವರೆಗೂ ಬಳಸಿ. ಉರುಳುವ ಕಟರ್ ಮತ್ತು ಮ್ಯಾಟ್ ಇದ್ದವರು ಅದರಲ್ಲೇ ಕತ್ತರಿಸಲಿ. ನನ್ನ ಬಳಿ ಬಹಳ ದಿನ ಅದಿರಲಿಲ್ಲ. ಬೀರುವಿನಲ್ಲಿದ್ದ ಹಳೆಯ ಎಕ್ಸ್‌ರೇ ಫಿಲ್ಮನ್ನು 3½ ಮತ್ತು 4 ಇಂಚಿನ ಚೌಕವಾಗಿ ಕತ್ತರಿಸಿ ಅಚ್ಚು ಮಾಡಿಕೊಂಡಿದ್ದೆ. ರಟ್ಟಿನಂತೆ ಅದರ ಮೂಲೆ ಸವೆಯುವುದಿಲ್ಲ, ಬೆಳಕಿಗೆ ಹಿಡಿದರೆ ಕೆಳಗಿನ ಬಟ್ಟೆಯೂ ಕಾಣುತ್ತದೆ. ಅಚ್ಚಿನ ಸುತ್ತ ಚೂಪಾದ ಪೆನ್ಸಿಲಿನಲ್ಲಿ ಗೆರೆ ಎಳೆದು, ಗೆರೆಯ ಒಳಮಗ್ಗುಲಲ್ಲಿ ಕತ್ತರಿಸಿ. ಗೆರೆಯನ್ನು ತುಂಡಿನ ಮೇಲೆ ಉಳಿಸಿಕೊಂಡರೆ ಪೆನ್ಸಿಲಿನ ದಪ್ಪ ನಾಲ್ಕೂ ಕಡೆ ಸೇರಿಕೊಳ್ಳುತ್ತದೆ.

ಜೋಡಿ ಚೌಕಗಳನ್ನು ಮೊದಲು ಮಾಡಿಕೊಳ್ಳಿ. ಎರಡು ಬಣ್ಣದ 4 ಇಂಚಿನ ಚೌಕಗಳನ್ನು ಮೇಲ್ಮೈಗೆ ಮೇಲ್ಮೈ ತಾಗಿಸಿಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆಯಿರಿ. ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ. ಇಲ್ಲಿ ಟೇಪಿನ ಗೋಡೆ ಉಪಯೋಗಕ್ಕೆ ಬಾರದು, ಏಕೆಂದರೆ ಗೆರೆ ಬಟ್ಟೆಯ ನಡುವೆ ಇದೆ. ಅದಕ್ಕೆ ಹೊಲಿಗೆಯ ಗೆರೆಗಳನ್ನೂ ಪೆನ್ಸಿಲಿನಲ್ಲೇ ಎಳೆದುಕೊಳ್ಳಿ. ನಡುಗೆರೆಯಲ್ಲಿ ಕತ್ತರಿಸಿದರೆ ಎರಡು ಜೋಡಿ ಚೌಕ ಸಿಗುತ್ತವೆ, ಎರಡು ಸಲ ಮಾಡಿದರೆ ನಾಲ್ಕು. ಗಾಢ ಬಣ್ಣದ ಕಡೆಗೆ ಮಾರ್ಜಿನ್ ಮಡಚಿ ಇಸ್ತ್ರಿ ಮಾಡಿ.

ಅವು ಈಗ 3½ಕ್ಕಿಂತ ಸ್ವಲ್ಪ ದೊಡ್ಡದಾಗಿರುತ್ತವೆ, ಬೇಕೆಂದೇ ಹಾಗೆ ಇಟ್ಟದ್ದು. 3⅞ ಇಂಚಿನ ಚೌಕ ತೆಗೆದುಕೊಂಡರೆ ಲೆಕ್ಕಕ್ಕೆ ಸರಿಯಾಗಿ 3½ ಬರುತ್ತದೆ, ಆದರೆ ಓರೆ ಹೊಲಿಗೆ ಒಂದಿಷ್ಟು ಜಾರಿದರೂ ಸರಿಪಡಿಸಲು ಬಟ್ಟೆ ಉಳಿಯುವುದಿಲ್ಲ. 3½ ಇಂಚಿನ ಫಿಲ್ಮ್ ಅಚ್ಚಿನ ಮೇಲೆ ಮೂಲೆಯಿಂದ ಮೂಲೆಗೆ ಮಾರ್ಕರ್ ಗೆರೆ ಎಳೆಯಿರಿ. ಆ ಗೆರೆಯನ್ನು ಓರೆ ಹೊಲಿಗೆಯ ಮೇಲೆ ಸರಿಯಾಗಿ ಕೂರಿಸಿ, ಸುತ್ತ ಗುರುತು ಮಾಡಿ, ಹೆಚ್ಚಾದದ್ದನ್ನು ಕತ್ತರಿಸಿ. ಓರೆ ಹೊಲಿಗೆ ಮೂಲೆಯಿಂದ ಮೂಲೆಗೆ ಹೋದರೆ ಮಾತ್ರ ನಕ್ಷತ್ರದ ಮೊನೆ ಕಾಲು ಇಂಚಿನ ಜಾಗದಲ್ಲಿ ಬಂದು ನಿಲ್ಲುತ್ತದೆ. ಅವಸರದಲ್ಲಿ ಈ ಕತ್ತರಿಸುವ ಕೆಲಸವನ್ನು ಬಿಟ್ಟವರು ಆಮೇಲೆ ಎಷ್ಟು ಚೆನ್ನಾಗಿ ಹೊಲಿದರೂ ಮೊನೆ ಕೂರುವುದಿಲ್ಲ.

ಈಗ ಒಂಬತ್ತನ್ನೂ ಮೇಜಿನ ಮೇಲೆ ಹರಡಿ. ಜೋಡಿ ಚೌಕಗಳ ನಕ್ಷತ್ರದ ಬಣ್ಣ ನಡುಚೌಕಕ್ಕೆ ತಾಗಿರಬೇಕು, ನಾಲ್ಕು ಮೊನೆಗಳೂ ಗಾಳಿಗಿರಣಿಯ ರೆಕ್ಕೆಗಳಂತೆ ಒಂದೇ ದಿಕ್ಕಿಗೆ ತಿರುಗಿರಬೇಕು. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹೊಲಿಯುವಾಗ ತಿರುಗಿಹೋದದ್ದು ಇಸ್ತ್ರಿ ಮಾಡುವವರೆಗೆ ತಿಳಿಯುವುದಿಲ್ಲ.

ಸಾಲುಗಳನ್ನು ಹೊಲಿಯಿರಿ. ಆರಂಭದಲ್ಲಿ ಮಿಷನ್ ಮೂಲೆಯನ್ನು ಕೆಳಗೆಳೆದು ಅಗಿಯುತ್ತದೆ. ಮೊದಲು ಒಂದು ಚಿಂದಿಯ ಮೇಲೆ ಹೊಲಿದು, ನಿಲ್ಲಿಸದೆ ತುಂಡನ್ನು ಅದರ ಹಿಂದೆಯೇ ತಳ್ಳಿದರೆ ಆ ಕಾಟ ಇಲ್ಲ. ಕೊನೆಯ ಅರ್ಧ ಇಂಚಿನಲ್ಲಿ ಬಟ್ಟೆ ಗೋಡೆಯಿಂದ ಜಾರುವುದು ಸಹಜ, ಅಲ್ಲಿ ನಿಧಾನಿಸಿ. ಮೇಲಿನ ಮತ್ತು ಕೆಳಗಿನ ಸಾಲುಗಳ ಮಾರ್ಜಿನ್ನನ್ನು ಹೊರಕ್ಕೆ, ಮೂಲೆಚೌಕಗಳ ಕಡೆಗೆ ಮಡಚಿ. ನಡುಸಾಲಿನದನ್ನು ಒಳಕ್ಕೆ, ನಡುಚೌಕದ ಕಡೆಗೆ. ಹೀಗೆ ವಿರುದ್ಧ ದಿಕ್ಕಿಗೆ ಮಡಚುವುದಕ್ಕೆ ಕಾರಣ ಮುಂದಿನ ಹಂತದಲ್ಲಿದೆ.

ಮೂಲೆಗಳು ಕೂಡುವ ಜಾಗ

ಮೇಲಿನ ಸಾಲನ್ನು ನಡುಸಾಲಿನ ಮೇಲೆ ಮೇಲ್ಮೈಗೆ ಮೇಲ್ಮೈ ತಾಗಿಸಿ ಇಡಿ. ಹೊಲಿಗೆಗಳು ಎದುರಾಗುವ ಕಡೆ ಎರಡೂ ಪದರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಅತ್ತಿತ್ತ ಸರಿಸಿ. ಮೇಲಿನ ಮಾರ್ಜಿನ್ನಿನ ಉಬ್ಬು ಒಂದು ಕಡೆ, ಕೆಳಗಿನದರ ಉಬ್ಬು ಇನ್ನೊಂದು ಕಡೆ ಇರುವುದರಿಂದ ಎರಡು ಮೆಟ್ಟಿಲುಗಳು ಒಂದಕ್ಕೊಂದು ಒರಗಿದಂತೆ ಕಚ್ಚಿಕೊಂಡು ನಿಲ್ಲುತ್ತವೆ. ಆ ಕಚ್ಚುವಿಕೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹೊಲಿಗೆಯ ಎರಡೂ ಮಗ್ಗುಲಿಗೆ ಒಂದೊಂದು ಸಣ್ಣ ಗುಂಡುಸೂಜಿ ಚುಚ್ಚಿ. ಉಬ್ಬಿನ ಮೇಲೆಯೇ ಚುಚ್ಚಿದರೆ ಕಚ್ಚಿದ್ದು ಜಾರುತ್ತದೆ.

ಮಿಷನ್ನಿನ ಹಲ್ಲು ಕೆಳಪದರವನ್ನು ಮುಂದಕ್ಕೆ ಎಳೆಯುತ್ತದೆ, ಫುಟ್ ಮೇಲ್ಪದರವನ್ನು ನಮ್ಮ ಕಡೆಗೆ ತಡೆಯುತ್ತದೆ. ಆದ್ದರಿಂದ ಮೇಲಿನ ಮಾರ್ಜಿನ್ ಸೂಜಿಯ ಕಡೆಗೂ ಕೆಳಗಿನದು ನಮ್ಮ ಕಡೆಗೂ ಮುಖಮಾಡಿದ್ದರೆ, ಅದೇ ಎಳೆದಾಟ ಎರಡನ್ನೂ ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಸಾಲಿನ ಎರಡು ಕೂಡುಜಾಗಗಳಲ್ಲಿ ಒಂದು ಹೀಗೆ ಬಂದರೆ ಇನ್ನೊಂದು ತಿರುವುಮುರುವಾಗಿ ಬರುತ್ತದೆ. ಆ ಎರಡನೆಯದಕ್ಕೆ ಗುಂಡುಸೂಜಿಯನ್ನು ಫುಟ್ ತಾಗುವ ಕ್ಷಣದವರೆಗೂ ತೆಗೆಯಬೇಡಿ.

ಮೊನೆಯ ವಿಷಯಕ್ಕೆ ಬರೋಣ. ಮೇಲಿನ ಸಾಲಿನ ಒಳಮೈ ಈಗ ನಿಮಗೆ ಕಾಣುತ್ತಿದೆ. ಜೋಡಿ ಚೌಕದ ಓರೆ ಹೊಲಿಗೆಯೂ ನೇರ ಹೊಲಿಗೆಯೂ ಸೇರುವ ಒಂದು ಬಿಂದು ಅಂಚಿನಿಂದ ಕಾಲು ಇಂಚು ಒಳಗಿದೆ. ನಕ್ಷತ್ರದ ಮೊನೆ ಇರುವುದು ಅಲ್ಲೇ. ಹೊಲಿಗೆ ಆ ಬಿಂದುವಿನ ಮೂಲಕವೇ ಹಾಯಬೇಕು, ತಪ್ಪಿದರೆ ಅಂಚಿನ ಕಡೆಗೆ ಒಂದೆಳೆ ತಪ್ಪಲಿ. ಒಳಗಡೆ ಬಿದ್ದರೆ ಮೊನೆ ಮೊಂಡಾಗುತ್ತದೆ, ಒಂದೆಳೆ ಹೊರಗೆ ಬಿದ್ದರೆ ಯಾರಿಗೂ ಕಾಣದು. ಗೋಡೆ ಒಂದು ಹೇಳಿ ಬಿಂದು ಇನ್ನೊಂದು ಹೇಳಿದರೆ, ಆ ಒಂದು ಇಂಚಿನ ಮಟ್ಟಿಗೆ ಬಿಂದುವಿನ ಮಾತು ಕೇಳಿ.

ತೊಡಕಿರುವುದು ಇನ್ನೊಂದು ಕಡೆ. ಈ ನಕ್ಷತ್ರದಲ್ಲಿ ನಡುಚೌಕದ ಒಂದು ಮೂಲೆಗೆ ಬರುವ ಮೊನೆ ಮೇಲಿನ ಸಾಲಿನದಾದರೆ, ಅದರ ಪಕ್ಕದ ಮೂಲೆಗೆ ಬರುವುದು ನಡುಸಾಲಿನದು. ಸಾಲುಗಳನ್ನು ಹೇಗೆ ತಿರುಗಿಸಿಟ್ಟರೂ ಒಂದು ಬಿಂದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಕೆಳಗೆ ಅಡಗಿರುತ್ತದೆ. ನನ್ನ ನಕ್ಷತ್ರಗಳಲ್ಲಿ ಎರಡು ಮೂಲೆ ಚೆನ್ನಾಗಿ, ಎರಡು ಕೆಟ್ಟದಾಗಿ ಬರುತ್ತಿದ್ದುದು ಏಕೆಂದು ಅರ್ಥವಾಗಲು ಆರು ಬ್ಲಾಕ್ ಬೇಕಾದವು. ಅಡಗಿದ ಬಿಂದುವಿಗೆ ಕೆಳಗಿನಿಂದ ಗುಂಡುಸೂಜಿಯನ್ನು ನೆಟ್ಟಗೆ ಚುಚ್ಚಿ, ಮೇಲೆ ಹೊರಬಂದ ಜಾಗದಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಡಿ. ಆ ಚುಕ್ಕೆಯನ್ನು ಹಾದು ಹೊಲಿಯಿರಿ. ಧೈರ್ಯ ಸಾಲದಿದ್ದರೆ ಆ ಜಾಗದಲ್ಲಿ ಮಾತ್ರ ಒಂದು ಇಂಚು ಕಚ್ಚಾ ಹೊಲಿಗೆ ಹಾಕಿ, ಬಿಡಿಸಿ ಮೇಲ್ಮೈ ನೋಡಿ, ಸರಿಯಿದ್ದರೆ ಪೂರ್ತಿ ಹೊಲಿಯಿರಿ.

ತಪ್ಪಾದರೆ ಇಡೀ ಸಾಲನ್ನು ಬಿಚ್ಚುವ ಅಗತ್ಯವಿಲ್ಲ. ತಪ್ಪಿದ ಜಾಗದ ಎರಡೂ ಬದಿಗೆ ಅರ್ಧರ್ಧ ಇಂಚು, ನಾಲ್ಕು ಹೊಲಿಗೆಗೊಂದರಂತೆ ದಾರ ಕತ್ತರಿಸಿ, ಆಚೆ ಬದಿಯ ದಾರವನ್ನು ಎಳೆದರೆ ಅದು ಕಳಚಿ ಬರುತ್ತದೆ. ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹರಿಯುವಂತೆ ಎಳೆಯಬೇಡಿ, ಅಂಚು ಹಿಗ್ಗಿದರೆ ಮತ್ತೆ ಹೊಲಿದರೂ ಕೂರುವುದಿಲ್ಲ.

ಮುಗಿದ ಬ್ಲಾಕ್ ಅಳೆಯಿರಿ. 9½ ಬಂದರೆ ಸಾಲದು, ನಕ್ಷತ್ರದ ನಾಲ್ಕೂ ಹೊರಮೊನೆಗಳು ಬ್ಲಾಕ್‌ನ ಅಂಚಿನಿಂದ ಕಾಲು ಇಂಚು ಒಳಗೇ ನಿಂತಿವೆಯೇ ನೋಡಿ. ಬ್ಲಾಕ್ ಸ್ವಲ್ಪ ದೊಡ್ಡದಾಯಿತೆಂದು ಅಂಚನ್ನು ಕತ್ತರಿಸಿ ಸಮ ಮಾಡುವ ಆಸೆ ಬರುತ್ತದೆ. ಕತ್ತರಿಸಿದರೆ ಆ ಕಾಲು ಇಂಚೇ ಹೋಗುತ್ತದೆ, ಮುಂದಿನ ಹೊಲಿಗೆ ಮೊನೆಯ ಮೇಲೆ ಬೀಳುತ್ತದೆ. ನಾನು ಹಾಗೆ ಕತ್ತರಿಸಿದ ಎರಡು ಬ್ಲಾಕ್‌ಗಳು ಈಗ ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಾಗಿವೆ.

ಉಳಿದ ನಕ್ಷತ್ರಗಳನ್ನು ಬಿಚ್ಚಿ ಹೊಸದಾಗಿ ಹೊಲಿದೆ. ಹದಿನೇಳು ನಕ್ಷತ್ರ, ಹದಿನೆಂಟು ಸಾದಾ ಚೌಕ. ಪಕ್ಕಪಕ್ಕದ ಬ್ಲಾಕ್‌ಗಳನ್ನು ಸಾಲಾಗಿ ಹೊಲಿಯುವಾಗ ಸಾದಾ ಚೌಕವನ್ನು ಯಾವಾಗಲೂ ಕೆಳಗೆ, ನಕ್ಷತ್ರವನ್ನು ಮೇಲೆ ಇಟ್ಟೆ, ಮೊನೆಯ ಬಿಂದು ಕಣ್ಣೆದುರೇ ಇರುತ್ತದೆ. ಸಾಲಿಗೆ ಸಾಲು ಸೇರಿಸುವಾಗ ಆ ಅನುಕೂಲವಿಲ್ಲ. ಅಲ್ಲಿ ನಕ್ಷತ್ರ ಒಮ್ಮೆ ಮೇಲಿರುತ್ತದೆ, ಒಮ್ಮೆ ಕೆಳಗಿರುತ್ತದೆ, ಕೆಳಗಿರುವ ಪ್ರತಿಯೊಂದಕ್ಕೂ ಗುಂಡುಸೂಜಿ ಚುಚ್ಚಿ ಚುಕ್ಕೆ ಇಡಬೇಕು.